ಮೊದಲು ವಯಸ್ಸು, ಆಮೇಲೆ ಕಾಲು

ಕಬ್ಬಿನ ಹಂಗಾಮಿನ ಒಂದು ಮುಂಜಾನೆ. ಸಂಕೇಶ್ವರದ ಒಂದು ದವಾಖಾನೆಗೆ ಅಜ್ಜಿಯೊಬ್ಬಳು ನಾಲ್ಕು ವರ್ಷದ ಮೊಮ್ಮಗನನ್ನು ಬಗಲಲ್ಲಿ ಎತ್ತಿಕೊಂಡು ಬಂದಿದ್ದಾಳೆ ಎಂದುಕೊಳ್ಳಿ. ಅಜ್ಜಿ, ಮೊಮ್ಮಗ ಇಬ್ಬರೂ ಕಲ್ಪನೆಯವರು. ಹುಡುಗನ ಕಾಲು, ಜ್ವರ, ರಕ್ತದ ಲೆಕ್ಕ ಮಾತ್ರ ಮಕ್ಕಳ ವೈದ್ಯರಿಗೆ ಚೆನ್ನಾಗಿ ಪರಿಚಯವಿರುವಂಥವು.

"ನಿನ್ನೆ ಸಂಜಿತನಾ ಆಡಾಕತ್ತಿದ್ದನ್ರೀ ಸಾಹೇಬ್ರ. ಇವತ್ತ ಎದ್ದಾಂವ ಕುಂಟಾಕ ಹತ್ಯಾನ. ಎಲ್ಲೋ ಬಿದ್ದಿರಬೇಕ್ರಿ."

"ಎಲ್ಲಿ ಬ್ಯಾನಿ ಐತೋ ತಮ್ಮಾ?"

ಹುಡುಗ ಬಲಗಾಲಿನ ಮೊಣಕಾಲು ಮುಟ್ಟಿ ತೋರಿಸುತ್ತಾನೆ.

ಈ ನಾಲ್ಕು ಮಾತಿನಲ್ಲಿ ದಾರಿ ತಪ್ಪಿಸುವ ಸಂಗತಿಗಳು ಎರಡಿವೆ. ಒಂದು, 'ಬಿದ್ದಿರಬೇಕು' ಎಂಬ ಊಹೆ. ನಾಲ್ಕು ವರ್ಷದ ಮಗು ಬೀಳದ ದಿನವೇ ಇಲ್ಲ. ಹಾಗಾಗಿ ಕುಂಟಿದ ಹಿಂದಿನ ದಿನ ಬಿದ್ದದ್ದು ನೆನಪಾದರೆ ಅದೇ ಕಾರಣ ಎನ್ನಲು ಬರುವುದಿಲ್ಲ. ಇನ್ನೊಂದು, ಆ ಮೊಣಕಾಲು. ತೊಡೆಯ ಎಲುಬು ಸೊಂಟದ ಎಲುಬಿಗೆ ಸೇರುವ ಚಪ್ಪೆ ಕೀಲಿಗೂ ಮೊಣಕಾಲಿಗೂ ಕೆಲವು ನರಗಳು ಒಂದೇ ಕವಲಿನಿಂದ ಬರುತ್ತವೆ. ಮೇಲಿನ ಕೀಲಿನಲ್ಲಿ ಹುಟ್ಟಿದ ನೋವನ್ನು ಮಿದುಳು ಕೆಳಗಿನ ಕೀಲಿನದೆಂದು ಓದಿಕೊಳ್ಳುತ್ತದೆ. ಮೊಣಕಾಲಿನ ಎಕ್ಸ್-ರೇ ತೆಗೆಸಿ 'ಏನೂ ಇಲ್ಲ' ಎಂದು ಮಗುವನ್ನು ಮನೆಗೆ ಕಳಿಸಿದ ಮೇಲೆ, ರೋಗ ಒಂದು ಗೇಣು ಮೇಲಿತ್ತು ಎಂದು ವಾರಗಳ ನಂತರ ಗೊತ್ತಾದ ಪ್ರಕರಣಗಳು ಎಲ್ಲ ದೇಶದ ವೈದ್ಯಕೀಯ ಪುಸ್ತಕಗಳಲ್ಲೂ ಇವೆ.

ಇಷ್ಟು ಹೊತ್ತಿಗೆ ವೈದ್ಯರ ತಲೆಯಲ್ಲಿ ಕೆಲಸ ಮಾಡುತ್ತಿರುವುದು ಅಜ್ಜಿ ಹೇಳಿದ ಕಥೆಗಿಂತ ಹೆಚ್ಚಾಗಿ ಹುಡುಗನ ವಯಸ್ಸು. ಮಕ್ಕಳ ಎಲುಬು ಬೆಳೆಯುತ್ತಿರುವ ವಸ್ತು. ಯಾವ ವಯಸ್ಸಿನಲ್ಲಿ ಅದರ ಯಾವ ಭಾಗ ಮೆತ್ತಗಿರುತ್ತದೆ, ಎಲ್ಲಿಂದ ರಕ್ತ ಹರಿಯುತ್ತದೆ ಎಂಬುದರ ಮೇಲೆ ಯಾವ ರೋಗ ಎಲ್ಲಿ ಕೂರಬಹುದು ಎಂಬುದು ನಿಂತಿದೆ. ಇದೇ ಹುಡುಗ ಒಂದೂವರೆ ವರ್ಷದವನಾಗಿದ್ದರೆ ಬೇರೆ ಪಟ್ಟಿ, ಹದಿಮೂರರವನಾಗಿದ್ದರೆ ಮತ್ತೊಂದು. ನಾಲ್ಕಕ್ಕೆ ಪಟ್ಟಿಯ ತಲೆಯಲ್ಲಿ ಇರುವುದು ಎರಡು ಹೆಸರು. ಅವುಗಳಲ್ಲಿ ಒಂದು ತಾನಾಗಿಯೇ ವಾಸಿಯಾಗುತ್ತದೆ. ಇನ್ನೊಂದನ್ನು ಬಿಟ್ಟರೆ ಕೆಲವೇ ದಿನಗಳಲ್ಲಿ ಕೀಲು ಹೋಗುತ್ತದೆ. ಮೊದಲ ದಿನ ಎರಡೂ ಒಂದೇ ಥರ ಕಾಣುತ್ತವೆ.

ತಾನಾಗಿ ವಾಸಿಯಾಗುವುದನ್ನು ಚಪ್ಪೆ ಕೀಲಿನ ತಾತ್ಕಾಲಿಕ ಉರಿಯೂತ ಎನ್ನಬಹುದು. ಮೂರರಿಂದ ಎಂಟು ವರ್ಷದ ಮಕ್ಕಳಲ್ಲಿ, ಹುಡುಗರಲ್ಲಿ ಹೆಚ್ಚಾಗಿ, ಎಷ್ಟೋ ಸಲ ನೆಗಡಿ ಕೆಮ್ಮು ಬಂದುಹೋದ ಒಂದೆರಡು ವಾರದ ಒಳಗೆ ಬರುತ್ತದೆ. ಕೀಲಿನ ಒಳಪೊರೆ ಊದಿಕೊಂಡು ನೀರು ತುಂಬುತ್ತದೆ. ಮಗು ಕುಂಟುತ್ತದೆ, ಆದರೆ ಹೇಗೋ ನಡೆಯುತ್ತದೆ. ಒಂದೆರಡು ದಿನದಲ್ಲಿ ಸುಧಾರಿಸಿ ವಾರ ಹತ್ತು ದಿನದಲ್ಲಿ ಓಡುತ್ತದೆ. ಇನ್ನೊಂದು ಕೀವುಗಟ್ಟಿದ ಕೀಲು. ಗಾಯದಿಂದಲೋ, ಗಂಟಲಿನಿಂದಲೋ, ಎಷ್ಟೋ ಸಲ ಎಲ್ಲಿಂದ ಎಂದು ತಿಳಿಯದ ದಾರಿಯಿಂದಲೋ ರಕ್ತಕ್ಕೆ ಇಳಿದ ಬ್ಯಾಕ್ಟೀರಿಯಾ ಕೀಲಿಗೆ ಬಂದು ಸೇರಿರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಅದು ಸ್ಟಫೈಲೋಕಾಕಸ್ ಆರಿಯಸ್ ಎಂಬ, ಚರ್ಮದ ಕುರುಗಳಲ್ಲಿ ಸಿಗುವ ಜಾತಿ.

ಚಪ್ಪೆ ಕೀಲಿನ ವಿಷಯದಲ್ಲಿ ಮಾತ್ರ ಇಷ್ಟು ಭಯ ಯಾಕೆ ಎಂಬುದಕ್ಕೆ ಅದರ ರಚನೆಯಲ್ಲೇ ಉತ್ತರವಿದೆ. ತೊಡೆಯ ಎಲುಬಿನ ಗುಂಡುತಲೆ, ಅದರ ಕೆಳಗಿನ ಕತ್ತು ಎರಡನ್ನೂ ಒಳಗೆ ಹಾಕಿಕೊಂಡು ಒಂದು ಗಟ್ಟಿ ಪೊರೆ ಬಿಗಿದಿರುತ್ತದೆ. ಎಲೆ ಅಡಿಕೆ ಹಾಕಿ ದಾರ ಎಳೆದು ಬಾಯಿ ಕಟ್ಟಿದ ಚಂಚಿಯಂತೆ ಅದು. ಗುಂಡುತಲೆಗೆ ರಕ್ತ ಒಯ್ಯುವ ಸಣ್ಣ ನಾಳಗಳು ಈ ಚೀಲದ ಒಳಗೇ, ಕತ್ತಿನ ಮೇಲೆ ಹತ್ತಿಕೊಂಡು ಹೋಗುತ್ತವೆ. ಕೀವು ಹೆಚ್ಚಿದಂತೆ ಒಳಗಿನ ಒತ್ತಡ ಏರಿ ಆ ನಾಳಗಳು ಅಮುಕಿಹೋಗುತ್ತವೆ. ಅತ್ತ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲಲು ಬಿಡುವ ಕಿಣ್ವಗಳೇ ಕೀಲಿನ ಮೃದ್ವಸ್ಥಿಯನ್ನೂ ಕರಗಿಸುತ್ತವೆ, ಮತ್ತು ಈ ಕೆಲಸ ದಿನಗಳಲ್ಲಲ್ಲ, ಗಂಟೆಗಳಲ್ಲೇ ಶುರುವಾಗುತ್ತದೆ. ತಡವಾದರೆ ಗುಂಡುತಲೆ ಸವೆದು ಚಪ್ಪಟೆಯಾಗುತ್ತದೆ, ಇಲ್ಲವೇ ಕೀಲು ಜಾರುತ್ತದೆ. ಕಾಲು ಗಿಡ್ಡವಾಗಿ ಮಗು ಜೀವನವಿಡೀ ಕುಂಟುತ್ತದೆ.

ಆ ಹುಡುಗನನ್ನು ಈಗ ಪರೀಕ್ಷೆಯ ಮೇಜಿನ ಮೇಲೆ ಮಲಗಿಸೋಣ. ಮಲಗಿದಾಗ ಅವನು ಬಲತೊಡೆಯನ್ನು ಸ್ವಲ್ಪ ಮಡಚಿ, ಹೊರಗೆ ಚಾಚಿ, ಪಾದ ಹೊರಮುಖ ಮಾಡಿ ಇಟ್ಟುಕೊಂಡಿದ್ದಾನೆ. ಆ ಭಂಗಿಯಲ್ಲಿ ಪೊರೆಯ ಚೀಲಕ್ಕೆ ಅತಿ ಹೆಚ್ಚು ಜಾಗ ಸಿಗುತ್ತದೆ, ಒಳಗಿನ ಒತ್ತಡ ಕಡಿಮೆಯಾಗುತ್ತದೆ. ಮಗುವಿಗೆ ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ವೈದ್ಯರು ಮೊದಲು ಎಡಗಾಲಿನಿಂದ, ಅಂದರೆ ನೋವಿಲ್ಲದ ಕಡೆಯಿಂದ ಶುರುಮಾಡುತ್ತಾರೆ. ಎರಡೂ ಪಾದದ ಅಂಗಾಲು ನೋಡುತ್ತಾರೆ, ಯಾಕೆಂದರೆ ಜಾಲಿ ಮುಳ್ಳು ಮುರಿದು ಒಳಗುಳಿದರೂ ಮಗು ಕುಂಟುತ್ತದೆ, ಅದನ್ನು ನೋಡದೆ ಎಂಆರ್‌ಐವರೆಗೆ ಹೋಗುವುದು ನಗೆಪಾಟಲು. ಹೊಟ್ಟೆ ಒತ್ತಿ ನೋಡುತ್ತಾರೆ, ಚಡ್ಡಿ ಬಿಚ್ಚಿಸಿ ವೃಷಣ ನೋಡುತ್ತಾರೆ. ಅಪೆಂಡಿಕ್ಸ್ ಬಾತಾಗ, ವೃಷಣ ತಿರುಚಿಕೊಂಡಾಗ ಕೂಡ ಹುಡುಗರು ಬಗ್ಗಿ ಕುಂಟುವುದುಂಟು. ಕೊನೆಗೆ ಬೋರಲು ಮಲಗಿಸಿ, ಮೊಣಕಾಲು ಮಡಚಿ, ಎರಡೂ ಪಾದಗಳನ್ನು ಹೊರಗಡೆಗೆ ಚಾಚಿ ಚಪ್ಪೆ ಕೀಲು ಒಳಮುಖವಾಗಿ ಎಷ್ಟು ತಿರುಗುತ್ತದೆ ಎಂದು ಅಳೆಯುತ್ತಾರೆ. ಚಪ್ಪೆ ಕೀಲಿನ ಹೆಚ್ಚಿನ ರೋಗಗಳಲ್ಲಿ ಮೊದಲು ಕಡಿಮೆಯಾಗುವ ಚಲನೆ ಇದು. ನಮ್ಮ ಹುಡುಗನ ಮೊಣಕಾಲು ಸಲೀಸಾಗಿ ಮಡಚುತ್ತದೆ, ಚಪ್ಪೆ ಮಾತ್ರ ಎಡಕ್ಕಿಂತ ಬಲದಲ್ಲಿ ಅರ್ಧದಷ್ಟೇ ತಿರುಗುತ್ತದೆ. ಅಲ್ಲಿಗೆ ಜಾಗ ಗೊತ್ತಾಯಿತು.

ಮೊದಲ ದಿನದ ತನಿಖೆಗಳು ಯಾವ ತಾಲ್ಲೂಕಿನಲ್ಲೂ ಆಗುವಂಥವು. ಸೊಂಟದ ಎಕ್ಸ್-ರೇ ಎರಡು ಬಗೆಯಲ್ಲಿ, ನೇರ ಮಲಗಿಸಿ ಒಂದು, ಕಪ್ಪೆಯಂತೆ ತೊಡೆ ಅಗಲಿಸಿ ಇನ್ನೊಂದು, ಎರಡೂ ಕೀಲುಗಳು ಒಂದೇ ಚಿತ್ರದಲ್ಲಿ ಬರುವಂತೆ. ರಕ್ತಕಣಗಳ ಪೂರ್ಣ ಎಣಿಕೆ, ಇಎಸ್‌ಆರ್, ಸಾಧ್ಯವಾದರೆ ಸಿಆರ್‌ಪಿ. ಚಪ್ಪೆಯ ಸೋನೋಗ್ರಫಿ. ಹುಡುಗನಿಗೆ ಜ್ವರ 99.4 ಡಿಗ್ರಿ, ಬಿಳಿ ರಕ್ತಕಣ 9,600, ಇಎಸ್‌ಆರ್ 18. ಎಕ್ಸ್-ರೇಯಲ್ಲಿ ದೋಷವಿಲ್ಲ. ಸೋನೋಗ್ರಫಿಯಲ್ಲಿ ಬಲ ಕೀಲಿನಲ್ಲಿ ನೀರು ಕಾಣಿಸಿದೆ. ನೀರಿದೆ ಎಂದಷ್ಟೇ ಸೋನೋಗ್ರಫಿ ಹೇಳಬಲ್ಲದು. ಅದು ತಿಳಿನೀರೋ ಕೀವೋ ಎಂದು ಖಚಿತವಾಗಿ ಹೇಳಲಾರದು.

ಇಲ್ಲಿ ನೆರವಿಗೆ ಬರುವುದು ಅಮೆರಿಕದ ಬಾಸ್ಟನ್ನಿನಲ್ಲಿ ಮಿನಿಂದರ್ ಕೋಖರ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ನಾಲ್ಕು ಪ್ರಶ್ನೆಗಳ ಲೆಕ್ಕ. ಮಗು ಆ ಕಾಲಿನ ಮೇಲೆ ಭಾರವನ್ನೇ ಹಾಕುವುದಿಲ್ಲವೆ? ಜ್ವರ 38.5 ಸೆಲ್ಸಿಯಸ್, ಅಂದರೆ ನಮ್ಮ ಥರ್ಮಾಮೀಟರಿನಲ್ಲಿ 101.3 ದಾಟಿದೆಯೆ? ಇಎಸ್‌ಆರ್ 40 ಮೀರಿದೆಯೆ? ಬಿಳಿ ರಕ್ತಕಣ 12,000 ಮೀರಿದೆಯೆ? ಅವರ ಆಸ್ಪತ್ರೆಯ ಮಕ್ಕಳಲ್ಲಿ ನಾಲ್ಕಕ್ಕೂ 'ಇಲ್ಲ' ಎಂದಾದರೆ ಕೀವಿನ ಸಾಧ್ಯತೆ ಶೇಕಡಾ 0.2ಕ್ಕಿಂತ ಕಡಿಮೆ. ಒಂದಕ್ಕೆ ಹೌದಾದರೆ ಶೇ. 3, ಎರಡಕ್ಕೆ ಶೇ. 40, ಮೂರಕ್ಕೆ ಶೇ. 93, ನಾಲ್ಕಕ್ಕೂ ಹೌದಾದರೆ ಶೇ. 99ಕ್ಕೂ ಹೆಚ್ಚು. ನಂತರ ಬೇರೆ ವೈದ್ಯರು ಸಿಆರ್‌ಪಿ ಲೀಟರಿಗೆ 20 ಮಿಲಿಗ್ರಾಂ ಮೀರುವುದನ್ನೂ ಐದನೆಯ ಸುಳಿವಾಗಿ ಸೇರಿಸಿಕೊಂಡರು.

ನಮ್ಮ ಹುಡುಗನಿಗೆ ಸೊನ್ನೆ ಅಂಕ. ಹಾಗಾದರೆ ಐಬುಪ್ರೊಫೇನ್ ಸಿರಪ್ ಕೊಟ್ಟು, ಓಡಾಟ ಬಿಡಿಸಿ, ಮನೆಗೆ ಕಳಿಸಬಹುದು. ವೈದ್ಯರು ಕಳಿಸುತ್ತಾರೆ, ಆದರೆ ಒಂದು ಪ್ರಶ್ನೆ ಕೇಳಿಯೇ.

"ಯಮ್ಮಾ, ಇಲ್ಲಿಗೆ ಬರೂಕಿಂತ ಮೊದಲ ಏನರ ಔಷಧ ಹಾಕೀರೇನು?"

"ಮುಂಜಾನೆ ಮೈ ಬಿಸಿ ಹತ್ತಿತ್ರೀ. ಮನ್ಯಾಗಿನ ಜ್ವರದ ಔಷಧ ಒಂದ ಮುಚಳಿ ಕುಡಿಸೇನ್ರಿ."

ಹಾಗಾದರೆ 99.4 ಎಂಬ ಅಂಕೆ ಹುಡುಗನದಲ್ಲ, ಪ್ಯಾರಾಸಿಟಮಾಲ್‌ನದು. ವೈದ್ಯರು ತಮ್ಮ ಚೀಟಿಯಲ್ಲಿ ಇದನ್ನು ಬರೆದಿಟ್ಟು, ನಾಳೆ ಬರಲೇಬೇಕೆಂದು ಹೇಳಿ, ರಾತ್ರಿ ಚಳಿ ಬಂದು ಜ್ವರ ಏರಿದರೆ ಅಥವಾ ಕಾಲೂರುವುದನ್ನೇ ಬಿಟ್ಟರೆ ನಾಳೆಗೂ ಕಾಯಬಾರದು ಎನ್ನುತ್ತಾರೆ. ಇನ್ನೊಂದು ಮಾತನ್ನೂ ಗಟ್ಟಿಯಾಗಿ ಹೇಳುತ್ತಾರೆ: ಯಾರ ಕೈಯಲ್ಲೂ ಕಾಲು ತಿಕ್ಕಿಸಬೇಡಿ, ಅಂಗಡಿಯಿಂದ ಆಂಟಿಬಯೋಟಿಕ್ ತರಬೇಡಿ. ಕಾಲುಭಾಗ ಕೊಟ್ಟ ಆಂಟಿಬಯೋಟಿಕ್ ಕೀಲಿನೊಳಗಿನ ಕೀವನ್ನು ವಾಸಿ ಮಾಡುವುದಿಲ್ಲ, ಆದರೆ ಜ್ವರವನ್ನು ತಗ್ಗಿಸಿ ಎಲ್ಲ ಗುರುತುಗಳನ್ನು ಮಸುಕು ಮಾಡುತ್ತದೆ. ಮುಂದೆ ಕೀವು ತೆಗೆದು ಕಲ್ಚರ್‌ಗೆ ಕಳಿಸಿದಾಗ ಏನೂ ಬೆಳೆಯದೆ ಹೋಗಬಹುದು.

ಮರುದಿನ ಸಂಜೆ ಹುಡುಗ ಮತ್ತೆ ಬರುತ್ತಾನೆ. ಜ್ವರ 102.4. ನೆಲಕ್ಕೆ ಇಳಿಸಿದರೆ ಕಾಲು ಮೇಲಕ್ಕೆತ್ತಿಕೊಳ್ಳುತ್ತಾನೆ. ತೊಡೆಯನ್ನು ಉರುಳಿಸುವಂತೆ ಸ್ವಲ್ಪ ಅಲ್ಲಾಡಿಸಿದರೂ ಕಿರುಚುತ್ತಾನೆ. ಇಎಸ್‌ಆರ್ 52, ಸಿಆರ್‌ಪಿ 70, ಬಿಳಿ ರಕ್ತಕಣ 11,400. ನಾಲ್ಕರಲ್ಲಿ ಮೂರು. ನಿನ್ನೆ ಇಎಸ್‌ಆರ್ ಯಾಕೆ ಸುಮ್ಮನಿತ್ತು? ಅದು ನಿಧಾನ ಏರುವ ಲೆಕ್ಕ. ಸೋಂಕು ಶುರುವಾಗಿ ಒಂದೆರಡು ದಿನ ಕಳೆದ ಮೇಲೆ ಏರುತ್ತದೆ, ವಾರಗಟ್ಟಲೆ ಇಳಿಯುವುದಿಲ್ಲ. ಸಿಆರ್‌ಪಿ ಏರುವುದು ಗಂಟೆಗಳಲ್ಲಿ, ಇಳಿಯುವುದೂ ಬೇಗ. ಕುಂಟಲು ಶುರುವಾದ ದಿನವೇ ಬಂದ ಮಗುವಿಗೆ ಒಂದೇ ರಕ್ತ ಪರೀಕ್ಷೆ ಮಾಡಿಸಲು ದುಡ್ಡಿದೆ ಎಂದಾದರೆ ನನ್ನ ಮತ ಸಿಆರ್‌ಪಿಗೆ.

ಕೋಖರ್ ಲೆಕ್ಕಕ್ಕೂ ಒಂದು ಮಿತಿ ಇದೆ. ಅದೇ ನಾಲ್ಕು ಪ್ರಶ್ನೆಗಳನ್ನು ಅಮೆರಿಕದ್ದೇ ಸೇಂಟ್ ಲೂಯಿಸ್ ನಗರದ ವೈದ್ಯರು ತಮ್ಮ ಮಕ್ಕಳಿಗೆ ಹಚ್ಚಿ ನೋಡಿದಾಗ, ನಾಲ್ಕೂ ಹೌದಾದರೂ ಕೀವಿನ ಸಾಧ್ಯತೆ ಶೇ. 59 ಮಾತ್ರ ಬಂತು. ಆಸ್ಪತ್ರೆಗೆ ಎಂಥ ಮಕ್ಕಳು ಬರುತ್ತಾರೆ ಎಂಬುದರ ಮೇಲೆ ಅಂಕೆ ಬದಲಾಗುತ್ತದೆ. ಹಾಗಾಗಿ ಇದನ್ನು ತೀರ್ಪಾಗಿ ಅಲ್ಲ, ಯಾವ ಮಗುವಿನ ಕೀಲಿಗೆ ಸೂಜಿ ಹಾಕಿ ನೋಡಲೇಬೇಕು ಎಂದು ಆರಿಸುವ ಜರಡಿಯಾಗಿ ಬಳಸುವುದು ಸರಿ.

ಸೂಜಿಯ ಕೆಲಸ ಸಂಕೇಶ್ವರದಲ್ಲಿ ಆಗದಿದ್ದರೆ ಹೆದ್ದಾರಿ ಹಿಡಿದು ಬೆಳಗಾವಿಗೆ ಹೋಗಬೇಕು, ಸುಮಾರು 50 ಕಿಲೋಮೀಟರ್. ಜಿಲ್ಲಾಸ್ಪತ್ರೆಯೋ ಕೆಎಲ್‌ಇ ಆಸ್ಪತ್ರೆಯೋ, ಮಕ್ಕಳಿಗೆ ಅರಿವಳಿಕೆ ಕೊಡುವವರು, ಎಲುಬಿನ ಶಸ್ತ್ರವೈದ್ಯರು ಇರುವ ಕಡೆ. ಕಳಿಸುವ ವೈದ್ಯರು ಚೀಟಿಯಲ್ಲಿ ಬರೆಯಬೇಕಾದದ್ದು ಎರಡು ದಿನದ ಅಂಕೆಗಳು, ಕೊಟ್ಟ ಔಷಧ, ಮಗು ಕೊನೆಯದಾಗಿ ಊಟ ಮಾಡಿದ ಹೊತ್ತು. ಊಟದ ಹೊತ್ತು ಬರೆಯದಿದ್ದರೆ ಅರಿವಳಿಕೆಗೆ ಇನ್ನೂ ಕೆಲವು ಗಂಟೆ ಕಾಯುವಂತಾಗುತ್ತದೆ. ಮಗುವಿನ ಸ್ಥಿತಿ ಗಂಭೀರವಾಗಿಲ್ಲದಿದ್ದರೆ ಹಾಗೂ ದಾರಿ ಇಷ್ಟೇ ಇದ್ದರೆ ಆಂಟಿಬಯೋಟಿಕ್ ಚುಚ್ಚದೆ ಕಳಿಸುವುದು ಒಳ್ಳೆಯದು. ಮೊದಲು ರಕ್ತದ ಕಲ್ಚರ್, ಕೀಲಿನ ದ್ರವ, ಆಮೇಲೆ ಔಷಧ. ಮಗು ಮಂಕಾಗಿದ್ದರೆ, ಕೈಕಾಲು ತಣ್ಣಗಾಗಿದ್ದರೆ ಈ ಕ್ರಮ ಬಿಟ್ಟು ಮೊದಲ ಡೋಸ್ ಇಲ್ಲೇ ಕೊಡಬೇಕು.

ಅಲ್ಲಿ ಸೋನೋಗ್ರಫಿ ನೋಡುತ್ತಾ ಸೂಜಿಯಿಂದ ದ್ರವ ಎಳೆಯುತ್ತಾರೆ. ನಮ್ಮ ಹುಡುಗನದು ಕಲಕಿದ ಹಳದಿ. ಒಂದು ಘನ ಮಿಲಿಮೀಟರಿಗೆ 80,000 ಬಿಳಿಕಣ. 50,000 ದಾಟಿದರೆ ಸಾಮಾನ್ಯವಾಗಿ ಕೀವೆಂದು ಹಿಡಿಯುತ್ತಾರೆ. ಅದೇ ರಾತ್ರಿ ಪೊರೆ ಕೊಯ್ದು, ಕೀಲು ತೊಳೆದು, ರಕ್ತನಾಳದ ಮೂಲಕ ಆಂಟಿಬಯೋಟಿಕ್ ಶುರುಮಾಡುತ್ತಾರೆ. ಜ್ವರ ಬಿಟ್ಟು ಸಿಆರ್‌ಪಿ ಇಳಿಯತೊಡಗಿದ ಮೇಲೆ ಬಾಯಿಂದ ಕೊಡುವ ಔಷಧ. ಎಲ್ಲ ಸೇರಿ ಎರಡರಿಂದ ನಾಲ್ಕು ವಾರ. ಕೀವು ಹೊರಬೀಳದೆ ಆಂಟಿಬಯೋಟಿಕ್ ಒಂದೇ ಕೆಲಸ ಮಾಡುತ್ತದೆ ಎಂದು ಚಪ್ಪೆ ಕೀಲಿನಲ್ಲಿ ನಂಬಿ ಕೂರುವಂತಿಲ್ಲ. ಒತ್ತಡ ಇಳಿಸುವುದೇ ಅಲ್ಲಿ ಮೊದಲ ಚಿಕಿತ್ಸೆ.

ಇದೇ ವಯಸ್ಸಿನಲ್ಲಿ ಕುಂಟು ಹೀಗೆ ಎರಡು ದಿನದಲ್ಲಿ ಭುಗಿಲೇಳದೆ, ವಾರಗಟ್ಟಲೆ ಬಂದು ಹೋಗಿ ಮಾಡುತ್ತಿದ್ದರೆ ಬೇರೆ ಹೆಸರುಗಳು ಮುಂದೆ ಬರುತ್ತವೆ. ಜ್ವರವಿಲ್ಲದೆ, ಆಟ ಹೆಚ್ಚಾದ ಸಂಜೆ ಕುಂಟುವ, ಬೆಳಿಗ್ಗೆ ಮತ್ತೆ ಓಡುವ ನಾಲ್ಕರಿಂದ ಎಂಟರ ಹುಡುಗನಿದ್ದರೆ ಪರ್ಥಿಸ್ ರೋಗವನ್ನು ನೆನೆಯಬೇಕು. ಗುಂಡುತಲೆಗೆ ರಕ್ತ ನಿಂತು ಅದು ಸತ್ತು, ಮೆತ್ತಗಾಗಿ, ಕೆಲವು ವರ್ಷಗಳಲ್ಲಿ ಹೊಸ ಎಲುಬು ತುಂಬಿಕೊಳ್ಳುವ ರೋಗ ಅದು. ರಕ್ತ ಯಾಕೆ ನಿಲ್ಲುತ್ತದೆ ಎಂಬುದು ಇನ್ನೂ ಬಗೆಹರಿದಿಲ್ಲ. 1910ರಲ್ಲಿ ಬಾಸ್ಟನ್ನಿನ ಲೆಗ್, ಫ್ರಾನ್ಸಿನ ಕಾಲ್ವೆ, ಜರ್ಮನಿಯ ಪರ್ಥಿಸ್ ಬೇರೆಬೇರೆಯಾಗಿ ಇದನ್ನು ವಿವರಿಸುವವರೆಗೆ ಇಂಥ ಮಕ್ಕಳೆಲ್ಲ ಕೀಲಿನ ಕ್ಷಯದವರೆಂದೇ ಲೆಕ್ಕಕ್ಕೆ ಬರುತ್ತಿದ್ದರು. ಎಕ್ಸ್-ರೇ ಯಂತ್ರ ಬಂದದ್ದರಿಂದ ಎರಡನ್ನೂ ಬೇರ್ಪಡಿಸಲು ಸಾಧ್ಯವಾಯಿತು.

ಈ ರೋಗದ ಅಧ್ಯಯನಕ್ಕೆ ಕರ್ನಾಟಕ ದೊಡ್ಡ ಹೆಸರು. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು ದಶಕಗಟ್ಟಲೆ ಕರಾವಳಿಯ ಮಕ್ಕಳನ್ನು ಹಿಂಬಾಲಿಸಿ, ಘಟ್ಟದ ಕೆಳಗಿನ ಪಟ್ಟಿಯಲ್ಲಿ ಪರ್ಥಿಸ್ ರೋಗ ಘಟ್ಟದ ಮೇಲಿಗಿಂತ ಎದ್ದು ಕಾಣುವಷ್ಟು ಹೆಚ್ಚು ಎಂದು ತೋರಿಸಿದರು. ನಮ್ಮ ಮಕ್ಕಳಲ್ಲಿ ಅದು ಯುರೋಪಿನ ಮಕ್ಕಳಿಗಿಂತ ತಡವಾದ ವಯಸ್ಸಿನಲ್ಲಿ ಶುರುವಾಗುತ್ತದೆ ಎಂಬುದನ್ನೂ ಕಂಡರು. ಇದು ಬರೀ ಕುತೂಹಲದ ಸಂಗತಿಯಲ್ಲ. ಆರು ವರ್ಷದೊಳಗೆ ಶುರುವಾದರೆ ಮುಂದೆ ಬೆಳವಣಿಗೆಯ ಸಮಯ ಬಹಳ ಉಳಿದಿರುತ್ತದೆ, ಗುಂಡುತಲೆ ಮತ್ತೆ ದುಂಡಗಾಗುವ ಸಾಧ್ಯತೆ ಹೆಚ್ಚು. ಎಂಟು ದಾಟಿದ ಮೇಲೆ ಶುರುವಾದರೆ ಆ ಅವಕಾಶ ಕಡಿಮೆ. ಹಾಗಾಗಿ ಪಾಶ್ಚಾತ್ಯ ಪುಸ್ತಕದ ಭರವಸೆಯನ್ನು ನಮ್ಮ ಹುಡುಗರಿಗೆ ಹಾಗೆಯೇ ಹೇಳುವಂತಿಲ್ಲ. ಹುಕ್ಕೇರಿ, ಗೋಕಾಕ ಕಡೆ ಘಟ್ಟದ ಮೇಲೆಯೇ ಆದರೂ, ತಿಂಗಳಿಂದ ಕುಂಟುವ ಏಳರ ಹುಡುಗನಿಗೆ ಎಕ್ಸ್-ರೇ ಇಲ್ಲದೆ ಬಿಡಬಾರದು. ಮೊದಲ ಎಕ್ಸ್-ರೇ ಸರಿಯಿದ್ದು ಕುಂಟು ಉಳಿದರೆ ಕೆಲವು ವಾರ ಬಿಟ್ಟು ಮತ್ತೊಂದು ಬೇಕು. ಮೊದಲ ಬದಲಾವಣೆ ಕಾಣುವುದು ಹೆಚ್ಚಾಗಿ ಆ ಕಪ್ಪೆ ಭಂಗಿಯ ಚಿತ್ರದಲ್ಲೇ.

ನಿಧಾನ ಕುಂಟಿನಲ್ಲಿ ಇನ್ನೆರಡನ್ನು ಮರೆಯುವಂತಿಲ್ಲ. ಸಂಜೆ ಮೈ ಬೆಚ್ಚಗಾಗುವುದು, ತೂಕ ಇಳಿಯುವುದು, ತೊಡೆ ಸೊರಗುವುದು, ರಾತ್ರಿ ನಿದ್ದೆಯಲ್ಲಿ ಸ್ನಾಯು ಸಡಿಲಾದಾಗ ಮಗು ಚೀರಿ ಏಳುವುದು, ಇವು ಕ್ಷಯದ ಗುರುತುಗಳು. ಮನೆಯಲ್ಲಿ ಯಾರಿಗೆ ಕೆಮ್ಮಿದೆ ಎಂದು ಕೇಳಬೇಕು. ಇನ್ನೊಂದು ರಕ್ತದ ಕ್ಯಾನ್ಸರ್. ಮಕ್ಕಳ ಲ್ಯುಕೇಮಿಯಾ ಕೆಲವು ಸಲ ಎಲುಬಿನ ನೋವಾಗಿ, ಕುಂಟಾಗಿ ಮೊದಲು ತೋರುತ್ತದೆ. ರಕ್ತಕಣಗಳ ಎಣಿಕೆ ಯಂತ್ರದಲ್ಲಿ ಸುಮಾರು ಸರಿಯಾಗಿಯೇ ಬರಬಹುದು. ಆದ್ದರಿಂದ ಗಾಜಿನ ಪಟ್ಟಿಯ ಮೇಲೆ ರಕ್ತ ಎಳೆದು ಸೂಕ್ಷ್ಮದರ್ಶಕದಲ್ಲಿ ಒಬ್ಬರು ಕಣ್ಣಿಟ್ಟು ನೋಡಲೇಬೇಕು. ಕಾರಣ ತಿಳಿಯದ ಕುಂಟಿಗೆ ಸ್ಟೀರಾಯ್ಡ್ ಚುಚ್ಚಿದರೆ ನೋವು ತಗ್ಗುತ್ತದೆ, ಲ್ಯುಕೇಮಿಯಾದ ಕಣಗಳೂ ಕೆಲಕಾಲ ಅಡಗುತ್ತವೆ. ಆ ಸುಧಾರಣೆ ರೋಗ ಪತ್ತೆಯನ್ನು ತಿಂಗಳು ಹಿಂದಕ್ಕೆ ತಳ್ಳುತ್ತದೆ.

ಈಗ ವಯಸ್ಸನ್ನು ಕೆಳಗಿಳಿಸೋಣ. ಹೊಸದಾಗಿ ನಡೆಯಲು ಕಲಿತ ಮಗು, ಒಂದರಿಂದ ಮೂರು ವರ್ಷ. ನಿಂತಲ್ಲೇ ತಿರುಗುವಾಗ ಪಾದ ಸಿಕ್ಕಿಕೊಂಡು ಮೊಣಕಾಲ ಕೆಳಗಿನ ದೊಡ್ಡ ಎಲುಬಿನಲ್ಲಿ ಸುರುಳಿಯಾಕಾರದ ಸಣ್ಣ ಬಿರುಕು ಬೀಳುವುದು ಈ ವಯಸ್ಸಿನದೇ ಸ್ವತ್ತು. ಬಾವು ಇರುವುದಿಲ್ಲ, ಮೊದಲ ಎಕ್ಸ್-ರೇಯಲ್ಲಿ ಗೆರೆ ಕಾಣದಿರುವುದೂ ಉಂಟು. ಹತ್ತು ಹದಿನಾಲ್ಕು ದಿನದ ಮೇಲೆ ಎಲುಬಿನ ಪಕ್ಕದಲ್ಲಿ ಹೊಸ ಎಲುಬಿನ ತೆಳುಗೆರೆ ಮೂಡಿದಾಗಲೇ ಖಾತ್ರಿಯಾಗುತ್ತದೆ. ಕಟ್ಟು ಹಾಕಿದರೆ ಮೂರ್ನಾಲ್ಕು ವಾರದಲ್ಲಿ ವಾಸಿ. ಹಾಗೆಯೇ ಮಗು ಇನ್ನೂ ನಡೆಯುವುದೇ ಇಲ್ಲ, ಆದರೂ ತೊಡೆಯ ಎಲುಬು ಮುರಿದಿದೆ ಎಂದಾದರೆ, ಅದನ್ನು ಯಾರು ಹೇಗೆ ಎತ್ತಿಕೊಂಡಿದ್ದರು ಎಂದು ನಿಧಾನವಾಗಿ, ದೂರದೆ, ವಿಚಾರಿಸಬೇಕಾಗುತ್ತದೆ.

ಇದಕ್ಕೂ ಚಿಕ್ಕ ಕೂಸು ಕುಂಟುವುದೇ ಇಲ್ಲ. ಒಂದು ಕಾಲನ್ನು ಅಲ್ಲಾಡಿಸದೆ ಬಿಟ್ಟಿರುತ್ತದೆ, ಲಂಗೋಟಿ ಬದಲಿಸುವಾಗ ಚೀರುತ್ತದೆ. ಲಕ್ವ ಹೊಡೆದಿದೆ ಎಂದುಕೊಳ್ಳುತ್ತಾರೆ. ಕೂಸುಗಳಲ್ಲಿ ರಕ್ತನಾಳಗಳು ಎಲುಬಿನ ಬೆಳವಣಿಗೆಯ ಪಟ್ಟಿಯನ್ನು ದಾಟಿ ಗುಂಡುತಲೆಯವರೆಗೆ ಹೋಗುವುದರಿಂದ, ಎಲುಬಿನಲ್ಲಿ ಶುರುವಾದ ಸೋಂಕು ಸಲೀಸಾಗಿ ಕೀಲಿಗೆ ಇಳಿಯುತ್ತದೆ. ಜ್ವರ ಬರದೆಯೂ ಇರಬಹುದು. ಕೋಖರ್ ಪ್ರಶ್ನೆಗಳು ಇಲ್ಲಿ ಕೆಲಸಕ್ಕೆ ಬಾರವು. ಇನ್ನು ಆರು ತಿಂಗಳಿಂದ ಮೂರು ವರ್ಷದೊಳಗಿನವರಲ್ಲಿ ಕಿಂಗೆಲ್ಲಾ ಕಿಂಗೇ ಎಂಬ ಮೃದುಸ್ವಭಾವದ ಬ್ಯಾಕ್ಟೀರಿಯಾ ಕೀಲಿಗೆ ಬರುತ್ತದೆ. ಸಾಮಾನ್ಯ ಕಲ್ಚರ್ ತಟ್ಟೆಯಲ್ಲಿ ಅದು ಹೆಚ್ಚಾಗಿ ಬೆಳೆಯುವುದಿಲ್ಲ. ಕೀಲಿನ ದ್ರವವನ್ನು ರಕ್ತದ ಕಲ್ಚರ್ ಬಾಟಲಿಗೆ ಹಾಕಿದರೆ ಸಿಕ್ಕುವ ಸಾಧ್ಯತೆ ಹೆಚ್ಚು.

ನೋವೇ ಇಲ್ಲದ ಕುಂಟು ಹೊಸದಾಗಿ ನಡೆಯುವ ವಯಸ್ಸಿನ ಇನ್ನೊಂದು ಬಗೆ. ಮಗು ನಗುತ್ತಲೇ ಒಂದು ಪಕ್ಕಕ್ಕೆ ವಾಲಿ ನಡೆಯುತ್ತದೆ. ಎರಡೂ ಕಡೆ ಇದ್ದರೆ ಬಾತುಕೋಳಿ ನಡಿಗೆ. ಹುಟ್ಟಿನಿಂದಲೇ ಚಪ್ಪೆ ಕೀಲು ಜಾರಿದ್ದು, ನಡೆಯಲು ಶುರುಮಾಡಿದ ಮೇಲೆ ಮನೆಯವರ ಕಣ್ಣಿಗೆ ಬಿದ್ದಿದೆ. ಹೆಣ್ಣು ಕೂಸು, ಚೊಚ್ಚಲು, ಹೊಟ್ಟೆಯಲ್ಲಿ ಕುಂಡೆ ಕೆಳಗಾಗಿ ಕೂತಿದ್ದ ಕೂಸು, ಇವರಲ್ಲಿ ಹೆಚ್ಚು. ಹುಟ್ಟಿದ ವಾರಗಳಲ್ಲೇ ತೊಡೆ ಅಗಲಿಸಿ ನೋಡಿದರೆ, ನಾಲ್ಕಾರು ತಿಂಗಳೊಳಗೆ ಸೋನೋಗ್ರಫಿ ಮಾಡಿದರೆ ಸಿಗುತ್ತದೆ, ಬರೀ ಪಟ್ಟಿ ಕಟ್ಟಿ ಸರಿಮಾಡಬಹುದು. ನಡೆಯುವ ಹೊತ್ತಿಗೆ ಗೊತ್ತಾದರೆ ಎಕ್ಸ್-ರೇ ಸಾಕು, ಆದರೆ ಶಸ್ತ್ರಕ್ರಿಯೆ ಬೇಕಾಗುವುದೇ ಹೆಚ್ಚು. ನಮ್ಮ ಹೆಂಗಸರು ಕೂಸನ್ನು ಟೊಂಕದ ಮೇಲೆ ಎರಡೂ ಕಾಲು ಅಗಲಿಸಿ ಕೂರಿಸಿಕೊಳ್ಳುವುದು ಗುಂಡುತಲೆಯನ್ನು ಗುಳಿಯೊಳಗೆ ಒತ್ತಿ ಹಿಡಿಯುವ ಭಂಗಿ, ಕೀಲಿಗೆ ಹಿತ. ಕಾಲು ನೆಟ್ಟಗೆ ಮಾಡಿ ಬಿಗಿಯಾಗಿ ಸುತ್ತಿ ಮಲಗಿಸುವುದು ಅದಕ್ಕೆ ಉಲ್ಟಾ.

ಒಂದು ಕಾಲು ಇದ್ದಕ್ಕಿದ್ದಂತೆ ಸೋತು ಜೋತುಬಿದ್ದರೆ ಅದರ ದಾರಿ ಬೇರೆ. ಭಾರತದ ಕೊನೆಯ ಕಾಡು ಪೋಲಿಯೊ ಪ್ರಕರಣ ದಾಖಲಾದದ್ದು 2011ರ ಜನವರಿ 13ರಂದು, ಹೌರಾದಲ್ಲಿ. ಆದರೂ 15 ವರ್ಷದೊಳಗಿನ ಯಾವ ಮಗುವಿಗೆ ಹೀಗಾದರೂ ಆರೋಗ್ಯ ಇಲಾಖೆಗೆ ತಿಳಿಸಿ, 14 ದಿನದೊಳಗೆ 24 ಗಂಟೆ ಅಂತರದಲ್ಲಿ ಎರಡು ಸಲ ಮಲದ ಮಾದರಿ ಕಳಿಸಬೇಕೆಂಬ ನಿಯಮ ಇಂದಿಗೂ ಇದೆ. ಇಂಥ ಕೆಲವು ಮಕ್ಕಳಲ್ಲಿ ಸಿಗುವ ಕಾರಣ ಕುಂಡೆಗೆ ಚುಚ್ಚಿದ ಇಂಜೆಕ್ಷನ್. ಸೂಜಿ ತೊಡೆಯ ದೊಡ್ಡ ನರಕ್ಕೆ ತಾಗಿದರೆ ಪಾದ ಜೋತುಬೀಳುತ್ತದೆ. ಚಿಕ್ಕ ಮಕ್ಕಳಿಗೆ ಲಸಿಕೆಯನ್ನು ತೊಡೆಯ ಮುಂಭಾಗದ ಹೊರಬದಿಗೆ ಚುಚ್ಚುವುದು ಇದಕ್ಕೇ.

ಹತ್ತು ದಾಟಿದ ಮೇಲೆ ಲೆಕ್ಕ ಮತ್ತೆ ತಿರುಗುತ್ತದೆ. ಹನ್ನೆರಡು ಹದಿಮೂರು ವರ್ಷ, ಮೈಕೈ ತುಂಬಿಕೊಂಡ ಹುಡುಗ, ಎರಡು ತಿಂಗಳಿಂದ ಮೊಣಕಾಲು ನೋವು, ಪಾದ ಹೊರಮುಖ ಮಾಡಿ ನಡೆಯುತ್ತಾನೆ. ಮೊಣಕಾಲ ಕೆಳಗೆ ಗಂಟು ಇದ್ದು ಒತ್ತಿದರೆ ನೋಯುವುದು ಆಟದಿಂದ ಬರುವ ಸಾಧಾರಣ ತೊಂದರೆ. ಅದಿಲ್ಲದೆ, ಮಲಗಿಸಿ ತೊಡೆ ಮಡಚಿದಾಗ ತೊಡೆ ನೇರ ಬರದೆ ತಾನಾಗಿ ಹೊರಕ್ಕೆ ತಿರುಗಿಹೋದರೆ, ಗುಂಡುತಲೆ ಬೆಳವಣಿಗೆಯ ಪಟ್ಟಿಯ ಮೇಲಿಂದ ಜಾರುತ್ತಿದೆ ಎಂದರ್ಥ. ಬೇಗ ಉದ್ದವಾಗುವ ಈ ವರ್ಷಗಳಲ್ಲಿ ಆ ಪಟ್ಟಿ ದುರ್ಬಲ, ಮೇಲಿನ ಭಾರ ಹೆಚ್ಚು. ಹತ್ತು ವರ್ಷಕ್ಕಿಂತ ಮೊದಲೇ ಹೀಗಾದರೆ ಥೈರಾಯ್ಡ್ ಮುಂತಾದ ಹಾರ್ಮೋನುಗಳನ್ನೂ ನೋಡಬೇಕು. ಹತ್ತು ದಾಟಿದ ಈ ವಯಸ್ಸಿನಲ್ಲೇ ಮೊಣಕಾಲ ಆಸುಪಾಸು ರಾತ್ರಿ ಎಬ್ಬಿಸುವ ನೋವು, ಏರುವ ಬಾವು ಇದ್ದರೆ ಎಲುಬಿನ ಗಡ್ಡೆಯನ್ನು ತಳ್ಳಿಹಾಕಲು ಅಲ್ಲಿಯದೂ ಒಂದು ಎಕ್ಸ್-ರೇ ಬೇಕು.

ಗುಂಡುತಲೆ ಜಾರಿದೆಯೆ ಎಂದು ತಿಳಿಯಲು, ಚಪ್ಪೆಯ ನೇರ ಎಕ್ಸ್-ರೇಯಲ್ಲಿ ತೊಡೆ ಎಲುಬಿನ ಕತ್ತಿನ ಮೇಲಂಚಿಗೆ ಹೊಂದಿಸಿ ಸ್ಕೇಲಿನಿಂದ ಗೆರೆ ಎಳೆದರೆ, ಆ ಗೆರೆ ಗುಂಡುತಲೆಯ ಒಂದು ಚೂರನ್ನು ಕತ್ತರಿಸಿಕೊಂಡು ಹೋಗಬೇಕು. ತಾಗದೆ ಹೋದರೆ ಜಾರಿದೆ. ಸ್ವಲ್ಪವೇ ಜಾರಿದ್ದು ನೇರ ಚಿತ್ರದಲ್ಲಿ ತಪ್ಪಿಸಿಕೊಳ್ಳಬಹುದು, ಪಕ್ಕದ ಭಂಗಿಯಲ್ಲಿ ತಪ್ಪಿಸಿಕೊಳ್ಳುವುದು ಕಷ್ಟ. ಹುಡುಗ ಊರುಗೋಲು ಹಿಡಿದಾದರೂ ನಡೆಯಬಲ್ಲನೆ ಎಂಬುದು ಮುಂದಿನ ಪ್ರಶ್ನೆ. 1993ರಲ್ಲಿ ರಾಂಡಲ್ ಲೋಡರ್ ಮತ್ತು ಸಂಗಡಿಗರು ತಮ್ಮ ರೋಗಿಗಳನ್ನು ಹೀಗೆ ಎರಡು ಗುಂಪು ಮಾಡಿ ನೋಡಿದಾಗ, ನಡೆಯಬಲ್ಲವರಲ್ಲಿ ಯಾರ ಗುಂಡುತಲೆಯೂ ರಕ್ತವಿಲ್ಲದೆ ಸತ್ತಿರಲಿಲ್ಲ. ನಡೆಯಲಾರದವರಲ್ಲಿ ಸುಮಾರು ಅರ್ಧದಷ್ಟು ಮಂದಿಯದು ಸತ್ತಿತ್ತು.

ಆದ್ದರಿಂದ ಈ ಸಂಶಯ ಬಂದ ಗಳಿಗೆಯಿಂದ ಹುಡುಗ ಕಾಲೂರಬಾರದು. ಎಕ್ಸ್-ರೇ ಕೋಣೆಗೆ ನಡೆಸಿಕೊಂಡು ಹೋಗುವುದು, ಬೈಕಿನ ಹಿಂದೆ ಕಾಲು ಇಳಿಬಿಟ್ಟು ಕೂರಿಸಿ ಬೆಳಗಾವಿಗೆ ಕಳಿಸುವುದು, ಉಳುಕೆಂದು ಎಳೆದು ತಿಕ್ಕಿಸುವುದು, ಇವು ನಡೆಯಬಲ್ಲ ಗುಂಪಿನ ಹುಡುಗನನ್ನು ನಡೆಯಲಾರದ ಗುಂಪಿಗೆ ದೂಡುವ ಕೆಲಸಗಳು. ಗಾಲಿಕುರ್ಚಿ, ಸ್ಟ್ರೆಚರ್, 108ರ ಗಾಡಿ. ಚಿಕಿತ್ಸೆ ಸಾಮಾನ್ಯವಾಗಿ ಒಂದೇ ಸ್ಕ್ರೂ, ಜಾರಿದ ಜಾಗದಲ್ಲೇ ಹಿಡಿದು ನಿಲ್ಲಿಸಲು. ಎಳೆದು ಹಿಂದಕ್ಕೆ ಕೂರಿಸಲು ಹೋದರೆ ರಕ್ತನಾಳ ಹರಿಯುವ ಭಯ. ಕೆಲವು ಮಕ್ಕಳಲ್ಲಿ ಇನ್ನೊಂದು ಕಡೆಯದೂ ಮುಂದಿನ ಒಂದೆರಡು ವರ್ಷದಲ್ಲಿ ಜಾರುತ್ತದೆ. ಅದಕ್ಕೇ ಬೆಳವಣಿಗೆಯ ಪಟ್ಟಿ ಮುಚ್ಚುವವರೆಗೆ ಕೆಲವು ತಿಂಗಳಿಗೊಮ್ಮೆ ಎರಡೂ ಚಪ್ಪೆಯ ಎಕ್ಸ್-ರೇ ತೆಗೆಸುತ್ತಾ, ನೋವಿಲ್ಲದ ಕಾಲನ್ನೂ ಪ್ರತಿಸಲ ಮಡಚಿ ನೋಡುತ್ತಾ ಇರಬೇಕು.